ಬೇರಿನ ತುದಿಯ ಕಪ್ಪು: ಬಾವೋ, ಸಿಸ್ಟೋ? ಬಿಳಿ ಗೆರೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ಹೊನ್ನಾವರದಲ್ಲಿ ಹೊಸದಾಗಿ ಕ್ಲಿನಿಕ್ ಹಾಕಿದ್ದೇನೆ. ಒಬ್ಬರು ಮುಖ ಊದಿಸಿಕೊಂಡು ಬಂದಿದ್ದರು, ಔಷಧಿಗೆ ಈಗ ಇಳಿದಿದೆ. ಆರ್‌ವಿಜಿ ತೆಗೆದರೆ ಮೇಲಿನ ಲ್ಯಾಟರಲ್ ಹಲ್ಲಿನ ಬೇರಿನ ತುದಿಯಲ್ಲಿ ದುಂಡಗೆ ಕಪ್ಪು, ಸುತ್ತ ಬಿಳಿ ಗೆರೆ. ಗೆರೆ ಇದ್ದರೆ ಸಿಸ್ಟ್, ಇಲ್ಲದಿದ್ದರೆ ಆ್ಯಬ್ಸೆಸ್ ಅಂತ ಕಾಲೇಜಿನಲ್ಲಿ ಓದಿದ್ದು. ಸಿಸ್ಟ್ ಅಂತ ಬರೆದು ಸರ್ಜರಿಗೆ ಕಳಿಸಲಾ ಸರ್?

ಉತ್ತರ: ಈಗಲೇ ಕಳಿಸಬೇಡಿ ಡಾಕ್ಟ್ರೇ. ಆ ಬಿಳಿ ಗೆರೆ ಒಂದನ್ನೇ ಹಿಡಿದುಕೊಂಡು ಸಿಸ್ಟ್ ಅನ್ನೋಕೆ ಆಗುವುದಿಲ್ಲ. ಸಿಸ್ಟ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವುದು ಮೈಕ್ರೋಸ್ಕೋಪು ಮಾತ್ರ. ಹಾಗಂತ ಗೆರೆಗೆ ಬೆಲೆಯೇ ಇಲ್ಲ ಅಂತಲ್ಲ. ಅದು ಬೇರೊಂದು ವಿಷಯ ಹೇಳುತ್ತದೆ: ಒಳಗಿರುವುದು ಎಷ್ಟು ನಿಧಾನವಾಗಿ ಬೆಳೆದಿದೆ, ಮೂಳೆಗೆ ಎಷ್ಟು ಸಮಯ ಸಿಕ್ಕಿದೆ ಎಂಬುದನ್ನು. ಚಿತ್ರ ಓದುವಾಗ ನಾನು ಮೊದಲು ಹುಡುಕುವುದು ಅದನ್ನೇ.

ಬಾವಿನಿಂದಲೇ ಶುರುಮಾಡೋಣ. ಕಾರವಾರದ ಬಂದರಿನ ಕಡೆಯಿಂದ ಬರುವವರಲ್ಲಿ ಇದು ಮಾಮೂಲು. ದೋಣಿಯಲ್ಲಿ ಹೋಗಿರುವಾಗ ಹಲ್ಲು ನೋವು ಶುರುವಾಗಿರುತ್ತದೆ, ದಡಕ್ಕೆ ಬರುವಷ್ಟರಲ್ಲಿ ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿರುತ್ತದೆ. ಹಲ್ಲಿನ ಮೇಲೆ ಬೆರಳಿಟ್ಟರೂ ಸಾಕು, ಜೀವ ಹೋದಂತೆ ಆಡುತ್ತಾರೆ. ಎಕ್ಸ್‌ರೇ ತೆಗೆದರೆ? ಬೇರಿನ ತುದಿಯಲ್ಲಿ ಏನೂ ಇಲ್ಲ. ತುಂಬ ಹುಡುಕಿದರೆ ಬೇರಿಗೂ ಮೂಳೆಗೂ ನಡುವಿನ ತೆಳು ಕಪ್ಪು ಸಂದು, ಅಂದರೆ ಪಿಡಿಎಲ್ ಸ್ಪೇಸ್, ತುದಿಯ ಹತ್ತಿರ ಕೊಂಚ ಅಗಲವಾಗಿ ಕಾಣಬಹುದು. ಅಷ್ಟೇ. ಇದು ನಿಜವಾದ, ಹೊಸ, ಅಕ್ಯೂಟ್ ಆ್ಯಬ್ಸೆಸ್. ಕೀವು ತುಂಬೋಕೆ ಒಂದೆರಡು ದಿನ ಸಾಕು. ಮೂಳೆಯ ಖನಿಜ ಕರಗಿ ಅದು ಚಿತ್ರದಲ್ಲಿ ಕಾಣೋಕೆ ವಾರಗಳು ಬೇಕು.

ಕಾಣದಿರುವುದಕ್ಕೆ ಇನ್ನೂ ಒಂದು ಕಾರಣ ಇದೆ. 1961ರಲ್ಲಿ ಬೆಂಡರ್ ಮತ್ತು ಸೆಲ್ಟ್ಜರ್ ಎಂಬ ಇಬ್ಬರು ಶವದ ದವಡೆಯ ಮೂಳೆಯಲ್ಲಿ ಬೇಕಂತಲೇ ಗುಳಿ ಕೊರೆದು ಎಕ್ಸ್‌ರೇ ತೆಗೆದು ನೋಡಿದರು. ಒಳಗಿನ ಜಾಲರಿ ಮೂಳೆಯಲ್ಲಿ ಮಾತ್ರ ಗುಳಿ ಮಾಡಿದಾಗ ಚಿತ್ರದಲ್ಲಿ ಅದು ಕಾಣಲೇ ಇಲ್ಲ. ಹೊರಗಿನ ಗಟ್ಟಿ ಪದರದ ಒಳಮೈಯನ್ನು ಮುಟ್ಟಿದ ಮೇಲೆಯೇ ಕಪ್ಪಾಗಿ ಕಂಡಿತು. ಆದ್ದರಿಂದ ಚಿತ್ರದಲ್ಲಿ ಕಪ್ಪು ಇಲ್ಲ ಎಂದರೆ ರೋಗ ಇಲ್ಲ ಎಂದಲ್ಲ. ಕಪ್ಪು ಚೆನ್ನಾಗಿ ಕಾಣುತ್ತಿದೆ ಎಂದರೆ ಅದು ನಿನ್ನೆ ಮೊನ್ನೆಯದಂತೂ ಅಲ್ಲ.

ಈಗ ನಿಮ್ಮ ರೋಗಿಯ ವಿಷಯಕ್ಕೆ ಬನ್ನಿ. ಊತ ಹೊಸದು, ಕಪ್ಪು ಹಳೆಯದು. ಎರಡೂ ಒಂದೇ ದಿನ ಹುಟ್ಟಿದ್ದಲ್ಲ. ತುಂಬ ದಿನದಿಂದ ಸದ್ದಿಲ್ಲದೆ ಇದ್ದ ಒಂದು ಗಾಯದ ಮೇಲೆ ಈಗ ಸೋಂಕು ಜೋರಾಗಿದೆ. ಫೀನಿಕ್ಸ್ ಆ್ಯಬ್ಸೆಸ್ ಅಂತ ನಾವು ಓದಿದ್ದು ಇದನ್ನೇ. ಅಡಿಯಲ್ಲಿದ್ದ ಹಳೆಯದು ಗ್ರಾನ್ಯುಲೋಮಾ ಇರಬಹುದು, ಸಿಸ್ಟೂ ಇರಬಹುದು. ಮುಖ ಊದಿತ್ತು ಎಂಬ ಕಾರಣಕ್ಕೆ ಸಿಸ್ಟ್ ಅಲ್ಲ ಅನ್ನುವ ಹಾಗಿಲ್ಲ. ಗೆರೆ ಇದೆ ಎಂಬ ಕಾರಣಕ್ಕೆ ಬಾವು ಅಲ್ಲ ಅನ್ನುವ ಹಾಗೂ ಇಲ್ಲ.

‘ಬಾವೋ, ಸಿಸ್ಟೋ’ ಎಂದು ಎರಡೇ ಮನೆ ಮಾಡಿಕೊಂಡು ಕೂತರೆ ಇನ್ನೊಂದು ಎಡವಟ್ಟು ಆಗುತ್ತದೆ. ನಡುವೆ ಇರುವ ಗ್ರಾನ್ಯುಲೋಮಾ ಮರೆತೇ ಹೋಗುತ್ತದೆ. ಎಲ್ಲಕ್ಕಿಂತ ಜಾಸ್ತಿ ಸಿಗುವುದು ಅದೇ. 1996ರಲ್ಲಿ ನಾಯರ್ ಮತ್ತು ಸಂಗಡಿಗರು ಕಿತ್ತ ಹಲ್ಲಿನ ಬೇರಿಗೆ ಅಂಟಿಕೊಂಡೇ ಬಂದ 256 ಗಂಟುಗಳನ್ನು ತೆಳುವಾಗಿ, ಸಾಲಾಗಿ ಕತ್ತರಿಸಿ ನೋಡಿದ್ದರು. ಅರ್ಧದಷ್ಟು ಗ್ರಾನ್ಯುಲೋಮಾ, ಶೇ. 35ರಷ್ಟು ಆ್ಯಬ್ಸೆಸ್, ಸಿಸ್ಟ್ ಆಗಿದ್ದಿದ್ದು ಶೇ. 15 ಮಾತ್ರ. ನಮ್ಮ ಊರುಗಳ ಲ್ಯಾಬ್ ವರದಿಗಳಲ್ಲಿ ಸಿಸ್ಟ್ ಇದಕ್ಕಿಂತ ಹೆಚ್ಚು ಕಾಣಿಸಬಹುದು. ಚೂರುಚೂರಾಗಿ ಕೆರೆದು ತೆಗೆದ ಮಾಂಸದಲ್ಲಿ ಎಪಿಥೀಲಿಯಂನ ಒಂದು ಎಳೆ ಕಂಡರೂ ಸಿಸ್ಟ್ ಎಂದು ಬರೆದುಬಿಡುವ ಅಭ್ಯಾಸ ಕೆಲವು ಕಡೆ ಇದೆ. ಇಡೀ ಗಂಟನ್ನು ಸಾಲಾಗಿ ಕತ್ತರಿಸಿ ನೋಡಿದರೆ ಆ ಎಳೆ ಗ್ರಾನ್ಯುಲೋಮಾದೊಳಗೇ ಸುತ್ತಾಡುತ್ತಿರುತ್ತದೆ.

ಸರಿ, ಗೆರೆಯ ಮಾತಿಗೆ ಬರೋಣ. ಅದು ಎಲ್ಲಿಂದ ಬಂತು?

ಪಲ್ಪ್ ಸತ್ತ ಹಲ್ಲಿನ ಬೇರಿನ ತುದಿಯಿಂದ ಸೋಂಕು ಹೊರಬರುತ್ತಿರುತ್ತದೆ. ಬೇರಿನ ಸುತ್ತ ಮಲಾಸೆ ಜೀವಕೋಶಗಳು ಅಂತ ಉಳಿದುಕೊಂಡಿರುತ್ತವೆ, ಉರಿಯೂತ ಸಿಕ್ಕಾಗ ಅವು ಬೆಳೆಯಲು ಶುರುಮಾಡುತ್ತವೆ. ಆ ಬೆಳವಣಿಗೆಯ ನಡುವೆ ಟೊಳ್ಳು ಬಿದ್ದು, ಒಳಗೆ ದ್ರವ ತುಂಬಿ ಚೀಲವಾದರೆ ಅದೇ ರ್‍ಯಾಡಿಕ್ಯುಲರ್ ಸಿಸ್ಟ್. ಅದು ಬೆಳೆಯುವುದು ಬಹಳ ನಿಧಾನ, ಎಲ್ಲ ಕಡೆಗೂ ಹೆಚ್ಚುಕಮ್ಮಿ ಒಂದೇ ಸಮ. ಒಳಗಡೆ ಮೂಳೆ ಕರಗುತ್ತಿರುವಾಗ ಅಂಚಿನಲ್ಲಿ ಹೊಸ ಮೂಳೆ ಕಟ್ಟಿಕೊಳ್ಳಲು ಬಿಡುವು ಸಿಗುತ್ತದೆ. ಬಿಳಿ ಗೆರೆ ಎಂದರೆ ಮೂಳೆ ಹಾಕಿಕೊಂಡ ಬೇಲಿ. ಕೀವು ನುಗ್ಗುವಾಗ ಬೇಲಿ ಹಾಕಲು ಬಿಡುವೇ ಇರುವುದಿಲ್ಲ. ಅದಕ್ಕೇ ಬಾವಿನ ಅಂಚು ಮಸುಕು, ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ಪುಸ್ತಕದ ಮಾತು ಹುಟ್ಟಿದ್ದು ಇಲ್ಲಿಂದ. ತರ್ಕ ಸರಿಯಾಗಿಯೇ ಇದೆ. ತೊಂದರೆ ಏನೆಂದರೆ, ಗ್ರಾನ್ಯುಲೋಮಾ ಕೂಡ ನಿಧಾನವಾಗಿ ಬೆಳೆದರೆ ಬೇಲಿ ಬೀಳುತ್ತದೆ, ಸಿಸ್ಟಿಗೆ ಸೋಂಕು ತಗುಲಿದರೆ ಇದ್ದ ಬೇಲಿಯೂ ಕರಗುತ್ತದೆ. 2006ರಲ್ಲಿ ರಿಕುಚ್ಚಿ ಮತ್ತು ಜೊತೆಗಾರರು ಇದನ್ನೇ ಪರೀಕ್ಷಿಸಿದರು: ಮೊದಲು ಎಕ್ಸ್‌ರೇಯಲ್ಲಿ ಗೆರೆ ಇದೆಯೋ ಇಲ್ಲವೋ ನೋಡುವುದು, ಆಮೇಲೆ ಅದೇ ಗಂಟನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಗೆರೆ ನೋಡಿ ಸಿಸ್ಟ್ ಎಂದು ಹೇಳಲಾಗದು ಎಂಬಲ್ಲಿಗೆ ಅವರೂ ಬಂದು ನಿಂತರು.

ಇದಕ್ಕೂ ಮೊದಲಿನ ಪ್ರಶ್ನೆ ಇನ್ನೊಂದಿದೆ. ನಿಮ್ಮ ಚಿತ್ರದಲ್ಲಿ ಕಾಣುವ ಗೆರೆ ನಿಜವಾಗಿ ಗೆರೆಯೇನಾ? ಕಂಪ್ಯೂಟರಿನ ಪರದೆ ಬಂದ ಮೇಲೆ ಇಲ್ಲದ ಗೆರೆ ಕಾಣುವುದು ಜಾಸ್ತಿಯಾಗಿದೆ.

ಕಪ್ಪು ಮತ್ತು ಬೂದು ಒಂದಕ್ಕೊಂದು ತಾಗಿದ ಕಡೆ ನಮ್ಮ ಕಣ್ಣೇ ಒಂದು ಬೆಳ್ಳನೆಯ ಅಂಚನ್ನು ಹುಟ್ಟಿಸಿಕೊಳ್ಳುತ್ತದೆ. ಮಾಖ್ ಬ್ಯಾಂಡ್ ಅನ್ನುತ್ತಾರೆ. ಇದನ್ನು ಹಿಡಿಯೋದು ಸುಲಭ. ಒಂದು ಬಿಳಿ ಕಾಗದದ ಚೂರು ತೆಗೆದುಕೊಂಡು ಪರದೆಯ ಮೇಲೆ ಕಪ್ಪು ಭಾಗವನ್ನಷ್ಟೇ ಮುಚ್ಚಿ, ಗೆರೆ ಮತ್ತು ಅದರ ಹೊರಗಿನ ಮೂಳೆ ಮಾತ್ರ ಕಾಣುವ ಹಾಗೆ. ನಿಜವಾದ ಗೆರೆ ಹಾಗೇ ಉಳಿಯುತ್ತದೆ. ಕಣ್ಣಿನ ಆಟವಾಗಿದ್ದರೆ ಮಾಯ. ಎರಡನೆಯ ಕಳ್ಳ ಆರ್‌ವಿಜಿ ಸಾಫ್ಟ್‌ವೇರಿನ ಶಾರ್ಪ್‌ನೆಸ್ ಫಿಲ್ಟರ್. ಚಿತ್ರ ಚೆಂದ ಕಾಣಲಿ ಎಂದು ಕೆಲವು ಸಿಸ್ಟಮ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ. ಅದರ ಕೆಲಸವೇ ಅಂಚುಗಳನ್ನು ಎದ್ದು ಕಾಣಿಸುವುದು, ಇಲ್ಲದ ಅಂಚಿಗೂ ಬಿಳಿ ಬಳಿದುಬಿಡುತ್ತದೆ. ಫಿಲ್ಟರ್ ಎಲ್ಲ ತೆಗೆದು ಮೂಲ ಚಿತ್ರವನ್ನೇ ನೋಡಿ. ಅದರಲ್ಲಿ ಗೆರೆ ಇದ್ದರೆ ಮಾತ್ರ ಮುಂದಿನ ಮಾತು.

ಇನ್ನು, ಗೆರೆ ನಿಜವೇ ಆಗಿರಬಹುದು, ಆದರೆ ಈ ಗಾಯದ್ದಲ್ಲದಿರಬಹುದು. ಮೇಲಿನ ಲ್ಯಾಟರಲ್ ಮತ್ತು ಕೋರೆ ಹಲ್ಲಿನ ಜಾಗದಲ್ಲಿ ಇದು ಆಗಾಗ ಆಗುತ್ತದೆ. ಮೂಗಿನ ತಳದ ಗೆರೆ, ಮ್ಯಾಕ್ಸಿಲರಿ ಸೈನಸ್ಸಿನ ಗೋಡೆಯ ಗೆರೆ ಎರಡೂ ಕೋರೆ ಹಲ್ಲಿನ ಮೇಲ್ಭಾಗದಲ್ಲಿ ಬಂದು ಕೂಡಿ ತಲೆಕೆಳಗಾದ ವೈ ಅಕ್ಷರದಂತೆ ಕಾಣುತ್ತವೆ. ಅದರ ಒಂದು ಕಾಲು ನಿಮ್ಮ ಕಪ್ಪಿನ ಪಕ್ಕದಲ್ಲೇ ಹಾದುಹೋದರೆ ‘ಆಹಾ, ಕಾರ್ಟಿಕೇಷನ್!’ ಅನ್ನಿಸುತ್ತದೆ.

ಕಪ್ಪೇ ಸುಳ್ಳಾಗಿರುವುದೂ ಇದೆ. ಲ್ಯಾಟರಲ್ ಬೇರಿನ ಮುಂಭಾಗದಲ್ಲಿ, ತುಟಿಯ ಕಡೆಗೆ, ಮೂಳೆಯಲ್ಲಿ ಸಹಜವಾಗಿಯೇ ಒಂದು ತಗ್ಗು ಇರುತ್ತದೆ, ಲ್ಯಾಟರಲ್ ಫಾಸಾ. ಅಲ್ಲಿ ಮೂಳೆ ತೆಳು, ಹಾಗಾಗಿ ಚಿತ್ರದಲ್ಲಿ ಆ ಜಾಗ ಕಪ್ಪಗೆ ಬರುತ್ತದೆ. ಇದನ್ನೇ ರೋಗ ಎಂದುಕೊಂಡು ಚೆನ್ನಾಗಿದ್ದ ಹಲ್ಲನ್ನು ಕೊರೆದಿಟ್ಟ ಉದಾಹರಣೆಗಳು ಉಂಟು. ಕಪ್ಪಿನೊಳಗೆ ಬೇರಿನ ತುದಿಯನ್ನು ಸುತ್ತಿಕೊಂಡು ಲ್ಯಾಮಿನಾ ಡ್ಯೂರಾ ಪೂರ್ತಿಯಾಗಿ ಕಾಣುತ್ತಿದ್ದರೆ, ತಂಪು ಪರೀಕ್ಷೆಗೆ ಹಲ್ಲು ‘ಜುಂ’ ಅಂದರೆ, ಅದನ್ನು ಮುಟ್ಟಬೇಡಿ.

ಇಷ್ಟೆಲ್ಲ ಗೊಂದಲಕ್ಕೆ ಒಂದು ಒಳ್ಳೆಯ ಮದ್ದು ಎರಡನೇ ಚಿತ್ರ. ಮೊದಲನೆಯದನ್ನು ಹೋಲ್ಡರ್ ಹಾಕಿ ಪ್ಯಾರಲಲ್ ಆಗಿ ತೆಗೆಯಿರಿ. ಎರಡನೆಯದಕ್ಕೆ ಟ್ಯೂಬನ್ನು ಅಡ್ಡಲಾಗಿ ಒಂದು 20 ಡಿಗ್ರಿ ಸರಿಸಿ. ಬೇರಿಗೇ ಸೇರಿದ ಗಾಯವಾದರೆ ಎರಡರಲ್ಲೂ ಬೇರಿನ ತುದಿಯನ್ನು ಬಿಡುವುದಿಲ್ಲ. ದೂರದ ಯಾವುದೋ ರಂಧ್ರ, ಯಾವುದೋ ಗೋಡೆಯ ಗೆರೆಯಾದರೆ ಜಾರಿ ಬೇರೆ ಕಡೆ ಹೋಗುತ್ತದೆ. ನಡುವಿನ ಬಾಚಿ ಹಲ್ಲಿನ ಹತ್ತಿರ ಇನ್ಸಿಸಿವ್ ಫೋರಾಮೆನ್, ಕೆಳಗಿನ ಪ್ರೀಮೋಲಾರ್ ಹತ್ತಿರ ಮೆಂಟಲ್ ಫೋರಾಮೆನ್ ಸಿಕ್ಕಿಬೀಳುವುದು ಹೀಗೆಯೇ.

ಎರಡು ಚಿತ್ರ ಬೇಕು ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ತೆಳುವಾದ ಗೋಡೆಯನ್ನು ಕಿರಣ ಅಂಚಿನುದ್ದಕ್ಕೂ ಸವರಿಕೊಂಡು ಹೋದರೆ ಮಾತ್ರ ಅದು ಗೆರೆಯಾಗಿ ಮೂಡುತ್ತದೆ. ಓರೆಯಾಗಿ ಹಾದುಹೋದರೆ ನಿಜವಾದ ಗೋಡೆಯೂ ಕಾಣುವುದಿಲ್ಲ. ಎಕ್ಸ್‌ಪೋಷರ್ ಹೆಚ್ಚಾದರೂ ಸುಟ್ಟು ಹೋಗುತ್ತದೆ. ಘಟ್ಟದ ಮೇಲೆ ಇನ್ನೂ ಕೈಯಲ್ಲೇ ಫಿಲ್ಮ್ ತೊಳೆಯುವ ಕ್ಲಿನಿಕ್ಕುಗಳು ಅಲ್ಲೊಂದು ಇಲ್ಲೊಂದು ಇವೆ. ಡೆವಲಪರ್ ಹಳೆಯದಾಗಿದ್ದರೆ ಇಡೀ ಫಿಲ್ಮ್ ಪೇಲವವಾಗಿ ಗೆರೆಯೂ ಇಲ್ಲ, ಏನೂ ಇಲ್ಲ.

ಇದನ್ನೆಲ್ಲ ಒಂದು ಕೇಸಿನ ಮೇಲೆ ಇಟ್ಟು ತೋರಿಸಿದರೆ ಸುಲಭ ಆದೀತು. ನಿಮ್ಮದರ ಹಾಗೇ ಇದ್ದಿದ್ದು.

ಶಿರಸಿ ಕಡೆಯ ತೋಟದ ಮನೆಯವರು, ನಲವತ್ತರ ಆಸುಪಾಸಿನ ಹೆಂಗಸು. ಮೇಲಿನ ಬಲಗಡೆ ಲ್ಯಾಟರಲ್ ಬೂದು ಬಣ್ಣಕ್ಕೆ ತಿರುಗಿತ್ತು. ಹುಳುಕು ಇಲ್ಲ. ಕೇಳಿದರೆ, ಶಾಲೆಗೆ ಹೋಗುವಾಗ ಸಂಕದ ಮೇಲಿಂದ ಬಿದ್ದು ಹಲ್ಲಿಗೆ ಪೆಟ್ಟಾಗಿತ್ತಂತೆ. ಆಮೇಲೆ ನೋವೇ ಇರಲಿಲ್ಲ. ಎರಡು ವಾರದ ಹಿಂದೆ ತುಟಿಯ ಮೇಲೆ ಊತ ಬಂದು, ಊರಿನಲ್ಲೇ ಮಾತ್ರೆ ತಗೊಂಡು, ಇಳಿದ ಮೇಲೆ ಬಂದಿದ್ದರು. ‘ಈಗ ಏನೂ ಇಲ್ಲ, ಸುಮ್ನೆ ತೋರಿಸ್ಕಂಡು ಹೋಪ ಅಂತ ಬಂದೆ’ ಅಂದರು.

ಮೊದಲು ತಂಪು ಪರೀಕ್ಷೆ. ಹತ್ತಿಯ ಉಂಡೆಗೆ ಕೋಲ್ಡ್ ಸ್ಪ್ರೇ ಹೊಡೆದು ಹಲ್ಲಿಗೆ ಒತ್ತುವುದು. ಪಕ್ಕದ ಬಾಚಿ ಹಲ್ಲಿಗೂ, ಕೋರೆ ಹಲ್ಲಿಗೂ ಚುರುಕ್ ಅಂತು. ಲ್ಯಾಟರಲ್‌ಗೆ ಏನೂ ಇಲ್ಲ. ಇಲ್ಲೊಂದು ಮಾತು ಸೇರಿಸಬೇಕು. ನಮ್ಮ ಜಿಲ್ಲೆಯಲ್ಲಿ ಕವಳ ಹಾಕುವವರ ಹಲ್ಲು ತುಂಬ ಸವೆದಿರುತ್ತದೆ. ಸವೆದಂತೆಲ್ಲ ಒಳಗೆ ಡೆಂಟಿನ್ ದಪ್ಪವಾಗಿ, ಪಲ್ಪ್ ಕಿರಿದಾಗಿ, ಜೀವ ಇರುವ ಹಲ್ಲೂ ತಂಪಿಗೆ ಸ್ಪಂದಿಸದೆ ಕೂರುತ್ತದೆ. ಆದ್ದರಿಂದ ಅನುಮಾನದ ಹಲ್ಲನ್ನು ಮಾತ್ರ ಮುಟ್ಟಿ ‘ಸತ್ತಿದೆ’ ಅನ್ನಬಾರದು. ಎರಡೂ ಪಕ್ಕದ್ದು, ಆಚೆ ಬದಿಯ ಜೋಡಿ ಹಲ್ಲು, ಎಲ್ಲವನ್ನೂ ಮುಟ್ಟಿ ಹೋಲಿಸಬೇಕು. ಇವರ ಬೇರೆಲ್ಲ ಹಲ್ಲು ಸ್ಪಂದಿಸಿದ್ದರಿಂದ ಲ್ಯಾಟರಲ್ ಸತ್ತಿದೆ ಎನ್ನಲು ಧೈರ್ಯ ಬಂತು. ಪಲ್ಪ್ ಸತ್ತಿಲ್ಲದಿದ್ದರೆ ಆ್ಯಬ್ಸೆಸ್ಸೂ ಇಲ್ಲ, ರ್‍ಯಾಡಿಕ್ಯುಲರ್ ಸಿಸ್ಟೂ ಇಲ್ಲ. ಬೇರಿನ ತುದಿಯಲ್ಲಿ ಕಪ್ಪಿದೆ, ಹಲ್ಲು ಜೀವಂತ ಇದೆ ಎಂದಾದರೆ ಪೂರಾ ಬೇರೆ ದಾರಿಯಲ್ಲಿ ಯೋಚಿಸಬೇಕು.

ಆಮೇಲೆ ಚಿತ್ರ. ನಾನು ಕಪ್ಪಿನಿಂದ ಶುರುಮಾಡುವುದಿಲ್ಲ. ಮೊದಲು ಪಕ್ಕದ ಚೆನ್ನಾಗಿರುವ ಹಲ್ಲಿನ ಲ್ಯಾಮಿನಾ ಡ್ಯೂರಾ ನೋಡುತ್ತೇನೆ. ಈ ಚಿತ್ರದಲ್ಲಿ, ಈ ಎಕ್ಸ್‌ಪೋಷರ್‌ನಲ್ಲಿ, ಒಳ್ಳೆಯ ಗೆರೆ ಹೇಗೆ ಕಾಣುತ್ತದೆ ಎಂದು ಕಣ್ಣಿಗೆ ರೂಢಿಯಾಗಬೇಕಲ್ವಾ. ಆಮೇಲೆ ಕೆಟ್ಟ ಹಲ್ಲಿಗೆ ಬಂದು, ಕುತ್ತಿಗೆಯ ಹತ್ತಿರದಿಂದ ಗೆರೆ ಹಿಡಿದು ಬೇರಿನ ಪಕ್ಕದಲ್ಲೇ ಮೇಲೆ ಹೋಗುತ್ತೇನೆ. ಇವರದರಲ್ಲಿ ನಡುಗೆರೆಯ ಕಡೆಯ ಲ್ಯಾಮಿನಾ ಡ್ಯೂರಾ ಬೇರಿನ ತುದಿಗೆ 4 ಮಿ.ಮೀ. ಇರುವಾಗ ಬೇರನ್ನು ಬಿಟ್ಟು ಹೊರಕ್ಕೆ ಬಾಗಿತು. ಬಾಗಿ, ಮುರಿಯದೆ, ಅದೇ ಗೆರೆ ಕಪ್ಪಿನ ಅಂಚಾಗಿ ಅರ್ಧ ಸುತ್ತು ಹೋಯಿತು. ಇದು ಮುಖ್ಯ. ಬೇರಿಗೆ ಸೇರಿದ ನಿಜವಾದ ಅಂಚು ಲ್ಯಾಮಿನಾ ಡ್ಯೂರಾದ ಮುಂದುವರಿಕೆಯಾಗಿರುತ್ತದೆ. ಕೋರೆ ಹಲ್ಲಿನ ಕಡೆ ಕಥೆ ಬೇರೆ. ಅಲ್ಲಿ ಗೆರೆ ಮಸುಕಾಗಿ, ಮೇಲಿನ ಮೂಲೆಯಲ್ಲಿ ಪೂರ್ತಿ ಅಳಿಸಿಹೋಗಿತ್ತು. ಕಪ್ಪು ನಿಧಾನಕ್ಕೆ ಬೂದಾಗಿ ಮೂಳೆಯೊಳಗೆ ಸೇರಿಹೋಗಿತ್ತು. ಲ್ಯಾಟರಲ್ ಮತ್ತು ಕೋರೆ ಹಲ್ಲಿನ ಬೇರುಗಳು ತುದಿಯಲ್ಲಿ ಒಂದರಿಂದೊಂದು ಸ್ವಲ್ಪ ದೂರ ಸರಿದಿದ್ದವು.

ಟ್ಯೂಬ್ ಸರಿಸಿ ಎರಡನೇ ಚಿತ್ರ ತೆಗೆದೆವು. ಕಪ್ಪು ಲ್ಯಾಟರಲ್ ತುದಿಯನ್ನು ಬಿಡಲಿಲ್ಲ. ಕೋರೆ ಹಲ್ಲಿನ ಲ್ಯಾಮಿನಾ ಡ್ಯೂರಾ ಈಗ ಬಿಡಿಯಾಗಿ, ಪೂರ್ತಿಯಾಗಿ ಕಂಡಿತು. ಅಂದರೆ ಕೋರೆ ಹಲ್ಲಿಗೆ ಇದರಲ್ಲಿ ಪಾಲಿಲ್ಲ. ಮಸುಕಾದ ಮೂಲೆ ಎರಡರಲ್ಲೂ ಮಸುಕಾಗಿಯೇ ಇತ್ತು, ಹಾಗಾಗಿ ಅದು ಕೋನದ ತಪ್ಪಲ್ಲ.

ಈ ಚಿತ್ರ ಏನು ಹೇಳಿತು? ಅರ್ಧ ಸುತ್ತಿನ ಗೆರೆ, ಸರಿದ ಬೇರುಗಳು: ಇದು ಎಷ್ಟೋ ಕಾಲದಿಂದ ನಿಧಾನವಾಗಿ ಬೆಳೆದಿದೆ. ಒಂದು ಮೂಲೆಯಲ್ಲಿ ಕರಗಿದ ಗೆರೆ: ಇತ್ತೀಚೆಗೆ ಅಲ್ಲಿಂದ ಸೋಂಕು ನುಗ್ಗಿದೆ. ರೋಗಿ ಹೇಳಿದ ಊತದ ಕಥೆಗೂ ಇದಕ್ಕೂ ತಾಳೆ ಆಯಿತು. ಗ್ರಾನ್ಯುಲೋಮಾವೋ ಸಿಸ್ಟೋ ಎಂಬುದನ್ನು ಮಾತ್ರ ಚಿತ್ರ ಹೇಳಲಿಲ್ಲ. ಹೇಳುವುದೂ ಇಲ್ಲ.

ಅಳತೆಯ ಮಾತು. ಉದ್ದ 10 ಮಿ.ಮೀ., ಅಗಲ 8 ಮಿ.ಮೀ. ಬಂತು. ಪರದೆಯ ಅಳತೆಪಟ್ಟಿಯನ್ನು ಹಾಗೇ ನಂಬಬೇಡಿ. ಕೆನಾಲಿಗೆ ಫೈಲ್ ಹಾಕಿ ತೆಗೆಯುವ ಚಿತ್ರದಲ್ಲಿ ಅದನ್ನು ಸರಿಮಾಡಿಕೊಳ್ಳಬಹುದು. ಸ್ಟಾಪರ್‌ನಿಂದ ತುದಿಗೆ 20 ಮಿ.ಮೀ. ಇರುವ ಫೈಲ್ ಪರದೆಯಲ್ಲಿ 21 ತೋರಿಸಿದರೆ ಉಳಿದ ಅಳತೆಯೂ ಅಷ್ಟೇ ಹಿಗ್ಗಿರುತ್ತದೆ. ನಮ್ಮ ಕಪ್ಪಿನ ಹರಹು ಸುಮಾರು 63 ಚದರ ಮಿ.ಮೀ. ಆಯಿತು. 200 ಚದರ ಮಿ.ಮೀ. ದಾಟಿದರೆ ಸಿಸ್ಟ್ ಆಗಿರುವ ಸಂಭವ ಹೆಚ್ಚು ಎಂದು ಹಳೆಯ ಅಧ್ಯಯನಗಳು ಹೇಳುತ್ತವೆ. ಅಂದರೆ ಅಡ್ಡಳತೆ 16 ಮಿ.ಮೀ. ಆಸುಪಾಸು. ದೊಡ್ಡದಾದಷ್ಟೂ ಅನುಮಾನ ಹೆಚ್ಚಲಿ, ಆದರೆ ಅದನ್ನು ತೀರ್ಪು ಅಂದುಕೊಳ್ಳಬೇಡಿ. ಚಿಕ್ಕ ಸಿಸ್ಟೂ ಇರುತ್ತದೆ, ದೊಡ್ಡ ಗ್ರಾನ್ಯುಲೋಮಾವೂ ಇರುತ್ತದೆ.

ರೂಟ್ ಕೆನಾಲ್ ಶುರುಮಾಡಿದೆವು. ಹಲ್ಲು ತೆರೆದಾಗ ಮೊದಲು ಒಂದಿಷ್ಟು ಕೀವು, ಹಿಂದೆಯೇ ತೆಳ್ಳನೆಯ ಹಳದಿ ನೀರು ಬಂತು. ಸಿಸ್ಟಿನ ದ್ರವ ಸಾಮಾನ್ಯವಾಗಿ ಹುಲ್ಲಿನ ಬಣ್ಣದ್ದಿರುತ್ತದೆ, ಕೊಲೆಸ್ಟೆರಾಲ್ ಹರಳುಗಳಿಂದ ಮಿನುಗುವುದೂ ಉಂಟು. ಅನುಮಾನ ಸಿಸ್ಟಿನ ಕಡೆ ವಾಲಿತು. ಆದರೂ ಚಿಕಿತ್ಸೆ ಬದಲಾಗಲಿಲ್ಲ. ಕೆನಾಲನ್ನು ಸೋಡಿಯಂ ಹೈಪೋಕ್ಲೋರೈಟಿನಿಂದ ತೊಳೆದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ, ಕೆಲವು ವಾರ ಬಿಟ್ಟು ಸೀಲ್ ಮಾಡಿದೆವು.

ಆರು ತಿಂಗಳಿಗೆ ಅದೇ ಹೋಲ್ಡರ್, ಅದೇ ಕೋನದಲ್ಲಿ ಚಿತ್ರ. 10 ಇದ್ದಿದ್ದು 6 ಮಿ.ಮೀ.ಗೆ ಇಳಿದಿತ್ತು. ಅಂಚಿನಿಂದ ಒಳಕ್ಕೆ ಮೂಳೆಯ ಎಳೆಗಳು ಹೊರಟಿದ್ದವು. ತಮಾಷೆ ಎಂದರೆ, ಆ ಚೆಂದದ ಬಿಳಿ ಗೆರೆ ಈಗ ಅಲ್ಲಲ್ಲಿ ಮುರಿದಿತ್ತು. ಮೊದಲ ಸಲ ನೋಡುವವರಿಗೆ ‘ಅಯ್ಯೋ, ಗೆರೆ ಹೋಯಿತು, ಸೋಂಕು ಜಾಸ್ತಿಯಾಯಿತು’ ಅನ್ನಿಸಬಹುದು. ಹಾಗಲ್ಲ. ಗಾಯ ಮಾಯುವಾಗಲೂ ಗೆರೆ ಕರಗುತ್ತದೆ. ವ್ಯತ್ಯಾಸ ಗಾತ್ರದಲ್ಲಿದೆ. ಗೆರೆ ಹೋಗಿ ಕಪ್ಪು ದೊಡ್ಡದಾದರೆ ಸೋಂಕು, ಗೆರೆ ಹೋಗಿ ಕಪ್ಪು ಚಿಕ್ಕದಾದರೆ ವಾಸಿ. ಒಂದೇ ಚಿತ್ರ ಹಿಡಿದುಕೊಂಡು ಕೂತರೆ ಇದು ತಿಳಿಯುವ ಬಗೆಯೇ ಇಲ್ಲ. ವರ್ಷಕ್ಕೆ 3 ಮಿ.ಮೀ. ಉಳಿದಿತ್ತು, ಆಮೇಲೆ ಬೇರಿನ ಸುತ್ತ ಹೊಸ ಲ್ಯಾಮಿನಾ ಡ್ಯೂರಾ ಮೂಡಿತು. ಅದು ಸಿಸ್ಟಾಗಿತ್ತೋ ಗ್ರಾನ್ಯುಲೋಮಾವಾಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕತ್ತರಿಸಿ ನೋಡಿಲ್ಲವಲ್ಲ. ರೋಗಿಗಂತೂ ಅದರಿಂದ ಏನೂ ಕಡಿಮೆಯಾಗಲಿಲ್ಲ.

ಸಿಸ್ಟ್ ರೂಟ್ ಕೆನಾಲಿಗೆ ವಾಸಿಯಾಗುತ್ತದಾ ಎಂದು ನೀವು ಕೇಳಬಹುದು. ಸಿಸ್ಟಿನಲ್ಲೂ ಎರಡು ಬಗೆ. ಚೀಲದ ಬಾಯಿ ಬೇರಿನ ಕೆನಾಲಿಗೆ ತೆರೆದುಕೊಂಡಿದ್ದರೆ ಪಾಕೆಟ್ ಸಿಸ್ಟ್. ಕೆನಾಲ್ ಸ್ವಚ್ಛವಾದರೆ ಅದಕ್ಕೆ ಸಿಗುತ್ತಿದ್ದ ಪ್ರಚೋದನೆ ನಿಂತು ಅದು ಮಾಯುವ ಸಾಧ್ಯತೆ ಚೆನ್ನಾಗಿದೆ. ಎಲ್ಲ ಕಡೆ ಮುಚ್ಚಿಕೊಂಡ ಚೀಲವಾದರೆ ಟ್ರೂ ಸಿಸ್ಟ್, ಅದು ಹಠಮಾರಿ. ಮೇಲೆ ಹೇಳಿದ ನಾಯರ್ ಅವರ ಲೆಕ್ಕದಲ್ಲಿ ಟ್ರೂ ಸಿಸ್ಟ್ ಶೇ. 9ರಷ್ಟು, ಪಾಕೆಟ್ ಶೇ. 6ರಷ್ಟು. ಈ ಎರಡನ್ನು ಬೇರೆ ಮಾಡುವ ಎಕ್ಸ್‌ರೇ ಇನ್ನೂ ಬಂದಿಲ್ಲ. ಸಿಬಿಸಿಟಿ ಮಾಡಿಸಿದರೂ ಅಷ್ಟೇ. ಗಾಯ ಎಷ್ಟು ಆಳ, ಮೂಗಿನ ತಳ ತೂತಾಗಿದೆಯಾ, ತುಟಿಯ ಕಡೆ ಮೂಳೆ ಉಳಿದಿದೆಯಾ ಎಂಬುದನ್ನು ಅದು ಸೊಗಸಾಗಿ ತೋರಿಸುತ್ತದೆ. ಸರ್ಜರಿ ಮಾಡುವವರಿಗೆ ಅದು ಬೇಕು. ಒಳಗಿರುವುದು ಯಾವುದು ಎಂದು ಹೆಸರಿಡಲು ಅದನ್ನು ಮಾಡಿಸುವುದು ಸುಮ್ನೆ ದುಡ್ಡು ದಂಡ, ರೇಡಿಯೇಷನ್ ಬೇರೆ.

ನಿಮ್ಮ ರೋಗಿಗೆ ಈಗ ಏನು ಮಾಡಬೇಕು? ಫಿಲ್ಟರ್ ತೆಗೆದು ಮೂಲ ಚಿತ್ರ ನೋಡಿ, ಕಾಗದ ಮುಚ್ಚಿ ಗೆರೆ ಪರೀಕ್ಷಿಸಿ, ಕೋನ ಬದಲಿಸಿ ಇನ್ನೊಂದು ಚಿತ್ರ ತೆಗೆಯಿರಿ. ಪಕ್ಕದ ಹಲ್ಲುಗಳಿಗೂ ತಂಪು ಮುಟ್ಟಿಸಿ. ಒಸಡಿನ ಮೇಲೆ ಕೀವಿನ ಗುಳ್ಳೆ ಉಳಿದಿದ್ದರೆ ಅದರ ಬಾಯಿಯೊಳಗೆ 25ರ ಜಿಪಿ ಪಾಯಿಂಟನ್ನು ಮೆತ್ತಗೆ, ತಡೆಯುವವರೆಗೆ ತೂರಿಸಿ ಚಿತ್ರ ತೆಗೆಯಿರಿ. ಅದು ಯಾವ ಬೇರಿಗೆ ಹೋಗಿ ನಿಲ್ಲುತ್ತದೋ ಕೀವು ಅಲ್ಲಿಂದ ಬಂದಿದ್ದು. ಗುಳ್ಳೆ ಲ್ಯಾಟರಲ್ ಮೇಲಿದ್ದರೂ ಪಾಯಿಂಟ್ ಪಕ್ಕದ ಹಲ್ಲಿಗೆ ಹೋಗಿ ನಿಲ್ಲುವುದು ಅಪರೂಪವೇನಲ್ಲ.

ಕೇಸ್ ಪೇಪರಿನಲ್ಲಿ ‘ಸಿಸ್ಟ್’ ಅಂತ ಬರೆಯಬೇಡಿ. ಕಂಡದ್ದನ್ನಷ್ಟೇ ಬರೆಯಿರಿ: ಲ್ಯಾಟರಲ್ ಬೇರಿನ ತುದಿಯಲ್ಲಿ ಇಷ್ಟು ಮಿ.ಮೀ. ದುಂಡನೆಯ ಕಪ್ಪು, ಅಂಚು ಇಲ್ಲಿಂದ ಇಲ್ಲಿಯವರೆಗೆ ಗೆರೆಯಿಂದ ಕೂಡಿದೆ, ಈ ಕಡೆ ಮಸುಕು, ಪಲ್ಪ್ ಸತ್ತಿದೆ, ಗ್ರಾನ್ಯುಲೋಮಾ ಅಥವಾ ಸಿಸ್ಟ್, ಇತ್ತೀಚೆಗೆ ಸೋಂಕು. ಗೆರೆ ಎಲ್ಲಿ ಇದೆ, ಎಲ್ಲಿ ಇಲ್ಲ ಎಂದು ಬರೆದಿಟ್ಟರೆ ಮುಂದಿನ ಚಿತ್ರದೊಡನೆ ಹೋಲಿಸಲು ಬರುತ್ತದೆ. ಸಿಸ್ಟ್ ಎಂಬ ಶಬ್ದ ಒಮ್ಮೆ ಕಿವಿಗೆ ಬಿದ್ದರೆ ರೋಗಿಯ ಮನೆಯಲ್ಲಿ ಗೆಡ್ಡೆ, ಕ್ಯಾನ್ಸರ್ ಅಂತೆಲ್ಲ ಮಾತು ಬೆಳೆದು ಹಲ್ಲು ಕೀಳಿಸಿಕೊಂಡೇ ಬರುತ್ತಾರೆ.

ಆಮೇಲೆ ರೂಟ್ ಕೆನಾಲ್. ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಚಿತ್ರ. ಯುರೋಪಿಯನ್ ಸೊಸೈಟಿ ಆಫ್ ಎಂಡೊಡಾಂಟಾಲಜಿಯ 2006ರ ಮಾರ್ಗಸೂಚಿ ಕನಿಷ್ಠ ಒಂದು ವರ್ಷ, ಪೂರ್ತಿ ಮಾಯದಿದ್ದರೆ ನಾಲ್ಕು ವರ್ಷದವರೆಗೂ ನೋಡಿ ಎನ್ನುತ್ತದೆ. ಚಿಕ್ಕದಾಗುತ್ತಾ ಇದ್ದರೆ ಕಾಯಿರಿ.

ಕಾಯದೆ ಕಳಿಸಬೇಕಾದ್ದೂ ಇದೆ. ಕಪ್ಪು 2 ಸೆಂ.ಮೀ. ದಾಟಿದ್ದರೆ, ದವಡೆ ಹೊರಗೆ ಉಬ್ಬಿ ಬೆರಳಿಗೆ ಮೊಟ್ಟೆಯ ಚಿಪ್ಪಿನಂತೆ ಅದುಮಿದರೆ, ಒಳಗೆ ಗೂಡುಗೂಡಾಗಿ ಕಂಡರೆ, ತುಟಿ ಮರಗಟ್ಟಿದ್ದರೆ, ಅಥವಾ ಹಲ್ಲು ಜೀವಂತವಾಗಿದ್ದೂ ಕಪ್ಪು ಇದ್ದರೆ. ಇವು ಬೇರೆಯೇ ಗೆಡ್ಡೆಗಳಾಗಿರಬಹುದು. ನಿಮ್ಮ ಕಡೆಯವರಿಗೆ ಮಣಿಪಾಲ, ಮಂಗಳೂರು ಹತ್ತಿರ, ಶಿರಸಿಯವರಿಗೆ ಹುಬ್ಬಳ್ಳಿ-ಧಾರವಾಡ, ಕಾರವಾರದವರು ಗೋವಾದ ಬಾಂಬೋಳಿಗೂ ಹೋಗುತ್ತಾರೆ. ರೂಟ್ ಕೆನಾಲ್ ಸರಿಯಾಗಿ ಆಗಿದ್ದೂ ವರ್ಷದ ಮೇಲೆ ಕಪ್ಪು ದೊಡ್ಡದಾಗುತ್ತಿದ್ದರೆ ಆಗಲೂ ಕಳಿಸಿ. ಅಲ್ಲಿ ತೆಗೆದ ಗಂಟನ್ನು ಬಿಸಾಡಿಸಬೇಡಿ. ಶೇ. 10ರ ಫಾರ್ಮಲಿನ್‌ನಲ್ಲಿ ಹಾಕಿ, ಜೊತೆಗೆ ನಿಮ್ಮ ಎಲ್ಲ ಎಕ್ಸ್‌ರೇಗಳನ್ನೂ ಪೆಥಾಲಜಿಯವರಿಗೆ ತಲುಪಿಸಿ. ಚೂರು ಮಾಂಸ ಮಾತ್ರ ನೋಡುವವರಿಗೆ, ಅದು ಯಾವ ಹಲ್ಲಿನದು, ಎಷ್ಟು ದೊಡ್ಡದಿತ್ತು ಎಂದು ತಿಳಿಯದಿದ್ದರೆ ಅವರ ವರದಿಯೂ ಅರ್ಧಂಬರ್ಧ.

ಕೋನ ಬದಲಿಸಿ ತೆಗೆದ ಚಿತ್ರ ಬಂದ ಮೇಲೆ ಎರಡನ್ನೂ ಫಿಲ್ಟರ್ ಇಲ್ಲದೆ ಕಳಿಸಿಕೊಡಿ, ನೋಡಿ ಹೇಳುತ್ತೇನೆ. ರೋಗಿಯ ಹೆಸರು, ಫೋನ್ ನಂಬರ್ ಇರುವ ಮೂಲೆಯನ್ನು ಮಾತ್ರ ಕತ್ತರಿಸಿ ಕಳಿಸಿ.